ಇಳಿಸಿಕೊಂಡ ಹಾಡು ಉಳಿಯುತ್ತದೆ ಎಂದು ಬರೆದಿದ್ದೆ

ಬೈಲಹೊಂಗಲದ ನಮ್ಮ ಹಿರಿಯ ನಾಗರಿಕರ ಸಂಘಕ್ಕೆ ನಾನು ಎರಡು ಪುಟದ ಒಂದು ಹಾಳೆ ಬರೆದುಕೊಟ್ಟಿದ್ದೆ. ಫೋನಿನಲ್ಲಿ ಹಾಡು ಕೇಳುವ ಆ್ಯಪ್ ಹಾಕಿಕೊಳ್ಳುವುದು ಹೇಗೆ, ಹಾಡು ಇಳಿಸಿಕೊಳ್ಳುವುದು ಹೇಗೆ, ಬೇಡವಾದಾಗ ಪ್ಲ್ಯಾನ್ ನಿಲ್ಲಿಸುವುದು ಹೇಗೆ ಎಂದು ಒಂದೊಂದೇ ಹೆಜ್ಜೆಯಾಗಿ ಅದರಲ್ಲಿತ್ತು. ಬರೆದವಳು ಸಂಪಗಾಂವದ ಸಾಲಿಯಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತಳಾದವಳು. ಹಾಗಾಗಿ ಕಾಗುಣಿತದ ಒಂದು ತಪ್ಪೂ ಇರಲಿಲ್ಲ. ಆದರೆ ಒಂದು ಸಾಲಿನಲ್ಲಿ ವಿಷಯವೇ ತಪ್ಪಿತ್ತು. ಆ ಸಾಲಿನಿಂದ ನಾನು ಕಂಡ ಒಂದು ದಿನವನ್ನು ಇವತ್ತಿಗೂ ಮರೆತಿಲ್ಲ.

ಹಾಳೆ ಬೇಕೆಂದು ಕೇಳಿದವರು ಒಬ್ಬ ನಿವೃತ್ತ ಬಸ್ ಕಂಡಕ್ಟರ್. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಸಂಘದಲ್ಲಿ ಎಲ್ಲರೂ ನನ್ನನ್ನು ಅಕ್ಕೋರು ಎನ್ನುತ್ತಾರೆ, ಅವರೂ ಹಾಗೆಯೇ ಕರೆಯುತ್ತಿದ್ದರು. ನಾನು ಅವರನ್ನು ಅಣ್ಣಾರು ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ವೈನಿ. ವೈನಿಗೆ ಮೂರು ವರ್ಷದಿಂದ ಮರೆವಿನ ರೋಗ. ಮನೆಯಲ್ಲಿದ್ದರೆ ಹೇಗೋ ನಡೆಯುತ್ತಿತ್ತು. ಬಸ್ಸು ಹತ್ತಿದರೆ ಮಾತ್ರ ಹೆದರಿಕೆ ಶುರು. ಕಿಟಕಿಯಾಚೆ ಗಿಡಗಳು ಓಡುವುದನ್ನು ಕಂಡು ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದರು, ಬಾಗಿಲ ಕಡೆ ನುಗ್ಗುತ್ತಿದ್ದರು. ಅವರನ್ನು ಹಿಡಿದು ಕೂರಿಸುವುದು ಹಾಡು ಒಂದೇ. ಕಿವಿಗೆ ಇಯರ್‌ಫೋನ್ ಇಟ್ಟು ಹಳೆಯ ಭಜನೆಯೋ ತತ್ವಪದವೋ ಹಚ್ಚಿದರೆ ಕೈ ಮಡಚಿ ಕೂತುಬಿಡುವರು.

ಅವರ ತವರು ರಾಮದುರ್ಗ ತಾಲೂಕಿನ ಸುರೇಬಾನ. ಅಲ್ಲಿ ಅವರ ತಂಗಿ ಇದ್ದಾರೆ. ತಂಗಿಯ ಮುಖ ಮಾತ್ರ ವೈನಿಗೆ ಇನ್ನೂ ಗುರುತಿತ್ತು, ಹಾಗಾಗಿ ತಿಂಗಳಿಗೊಮ್ಮೆ ಕರೆದುಕೊಂಡು ಹೋಗುವುದು ಅಣ್ಣಾರ ರೂಢಿ. ಸವದತ್ತಿಯಲ್ಲೊಮ್ಮೆ, ರಾಮದುರ್ಗದಲ್ಲೊಮ್ಮೆ ಬಸ್ಸು ಬದಲಿಸಬೇಕು.

"ಸವದತ್ತಿ ದಾಟಿದ ಮ್ಯಾಲ ನೆಟ್ ಬರ್ತೈತಿ, ಹೋಗ್ತೈತಿ ಅಕ್ಕೋರ," ಎಂದು ಒಂದು ಸಭೆಯಲ್ಲಿ ಹೇಳಿದರು. "ನಡುವ ಹಾಡ ನಿಂತ್ರ ಇಕಿ ಎದ್ದ ನಿಂದರತಾಳ. ಹಾಡ ಫೋನಿನ್ಯಾಗ ಇಳಿಸಿ ಇಟ್ಕೋಬೋದಂತಲ್ಲ. ಅದನ್ನ ಒಂದೀಟ ಕಾಗದದ ಮ್ಯಾಲ ಬರದ ಕೊಡ್ರಿ. ಬಾಯಲೆ ಹೇಳಿದ್ರ ನನಗ ನೆನಪ ಉಳಿಯಂಗಿಲ್ಲ."

ಉಳಿದವರೂ ತಮಗೂ ಬೇಕು ಎಂದರು. ನಾನು ಒಪ್ಪಿಕೊಂಡೆ. ಒಪ್ಪುವಾಗ ನನಗೇ ಆ ಆ್ಯಪಿನ ಗಂಧ ಇರಲಿಲ್ಲ.

ನಾನು ಫೋನನ್ನು ಮೊದಲಿನಿಂದಲೂ ಅಂಜಿಕೊಂಡೇ ಮುಟ್ಟಿದವಳು. ಒಂದು ವಾರ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು ಪಕ್ಕದಲ್ಲಿ ಬರೆದುಕೊಳ್ಳಲು ವಹಿ ಇಟ್ಟುಕೊಂಡು ಕೂತೆ. ಮಾಡಿ ನೋಡದ ಯಾವುದನ್ನೂ ಬರೆಯಬಾರದು ಎಂದು ನಿಶ್ಚಯಿಸಿಕೊಂಡಿದ್ದೆ. ಪ್ಲೇ ಸ್ಟೋರ್ ತೆರೆದು ಆ್ಯಪಿನ ಹೆಸರು ಹುಡುಕುವುದು, ಹೆಸರಿನ ಕೆಳಗೆ ಕಂಪನಿಯ ಹೆಸರು ಸರಿ ಇದೆಯೇ ನೋಡುವುದು, ಇನ್‌ಸ್ಟಾಲ್ ಒತ್ತುವುದು. ಫೋನ್ ನಂಬರ್ ಕೊಟ್ಟರೆ ಒಂದು ಓಟಿಪಿ ಬರುತ್ತದೆ, ಅದನ್ನು ಆ್ಯಪಿನಲ್ಲಿ ಹಾಕಬೇಕೇ ಹೊರತು ಯಾರು ಫೋನ್ ಮಾಡಿ ಕೇಳಿದರೂ ಹೇಳಬಾರದು. ಈ ಮಾತಿನ ಕೆಳಗೆ ಎರಡು ಗೆರೆ ಎಳೆದೆ.

ಸುಮ್ಮನೆ ಕೇಳಲು ಆ್ಯಪು ಪುಕ್ಕಟೆ, ನಡುನಡುವೆ ಜಾಹೀರಾತು ಬರುತ್ತವೆ. ಆದರೆ ಹಾಡು ಇಳಿಸಿಕೊಳ್ಳಬೇಕೆಂದರೆ ಪ್ಲ್ಯಾನ್ ಬೇಕು. ಮೊದಲ ಒಂದು ತಿಂಗಳು ಪುಕ್ಕಟೆ ಎಂದಿತ್ತು. ಅದನ್ನು ಒತ್ತಿದೆ. ಫೋನು ಯುಪಿಐ ಪಿನ್ ಕೇಳಿತು. ನನ್ನ ಬೆರಳು ಗಾಳಿಯಲ್ಲೇ ನಿಂತಿತು. ಪುಕ್ಕಟೆ ಎಂದಮೇಲೆ ಪಿನ್ ಯಾಕೆ? ಯಾರೋ ಒಳಗಿನಿಂದ ಕೈ ಚಾಚಿದ ಹಾಗಾಯಿತು. ಫೋನು ಕೆಳಗಿಟ್ಟು ಒಂದು ತಂಬಿಗೆ ನೀರು ಕುಡಿದು ಬಂದು ಸಾವಕಾಶ ಓದಿದೆ. ಅದು ಆಟೋಪೇಗೆ ಕೊಡುವ ಒಪ್ಪಿಗೆ. ಪುಕ್ಕಟೆ ತಿಂಗಳು ಮುಗಿದ ಮೇಲೆ ತಾನಾಗಿಯೇ ಖಾತೆಯಿಂದ ಕಡಿತವಾಗಲು ಈಗಲೇ ಅನುಮತಿ. ಆ ತಾರೀಖು ಅಲ್ಲೇ ಬರೆದಿತ್ತು. ಅದಕ್ಕೂ ಮುಂಚೆ ನಿಲ್ಲಿಸಿದರೆ ಕಡಿತವಿಲ್ಲ.

ನಿಲ್ಲಿಸುವ ಹೆಜ್ಜೆಗಳನ್ನು ನಾನು ಎಲ್ಲಕ್ಕಿಂತ ಎಚ್ಚರದಿಂದ ಬರೆದೆ. ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಪ್ಲ್ಯಾನ್ ನಿಲ್ಲುವುದಿಲ್ಲ. ಪ್ಲೇ ಸ್ಟೋರಿಗೆ ಹೋಗಿ, ಮೇಲೆ ಬಲಗಡೆ ನಿಮ್ಮ ಹೆಸರಿನ ಅಕ್ಷರ ಇರುವ ಗುಂಡು ಒತ್ತಿ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಶನ್ಸ್, ಅದರೊಳಗೆ ಸಬ್‌ಸ್ಕ್ರಿಪ್ಶನ್ಸ್, ಅಲ್ಲಿ ಹಾಡಿನ ಆ್ಯಪ್ ಆರಿಸಿ ಕ್ಯಾನ್ಸಲ್ ಒತ್ತಿ. ಕಾರಣ ಕೇಳುತ್ತದೆ, ಯಾವುದಾದರೊಂದು ಆರಿಸಿ. ಕೊನೆಗೆ ರದ್ದಾಯಿತು ಎಂದು ಬರುವವರೆಗೆ ಬಿಡಬೇಡಿ.

ನಾನು ಹಾಗೆಯೇ ನಿಲ್ಲಿಸಿ ನೋಡಿದೆ. ಮರುದಿನ ಫೋನನ್ನು ವಿಮಾನದ ಚಿತ್ರದ ಗುಂಡಿ ಒತ್ತಿ ನೆಟ್‌ನಿಂದ ಕಡಿದು, ಇಳಿಸಿಕೊಂಡಿದ್ದ ಹಾಡು ಹಚ್ಚಿದೆ. ಹಾಡಿತು. ಅದರ ಮಾರನೆಯ ದಿನವೂ ಹಾಡಿತು. ಆಗ ಬರೆದೆ: "ಪ್ಲ್ಯಾನ್ ನಿಲ್ಲಿಸಿದರೂ ಇಳಿಸಿಕೊಂಡ ಹಾಡು ಫೋನಿನಲ್ಲೇ ಉಳಿಯುತ್ತದೆ. ನೆಟ್ ಇಲ್ಲದೆ ಕೇಳಬಹುದು."

ನಿಲ್ಲಿಸಿದರೂ ಆ ತಿಂಗಳು ಮುಗಿಯುವ ತಾರೀಖಿನವರೆಗೆ ಪ್ಲ್ಯಾನ್ ಜೀವಂತ ಇರುತ್ತದೆ, ಅದಕ್ಕೇ ಹಾಡುತ್ತಿದೆ ಎಂಬುದು ನನಗೆ ಹೊಳೆಯಲಿಲ್ಲ. ತಾರೀಖು ದಾಟಿದ ಮೇಲೂ ಗೊತ್ತಾಗಲಿಲ್ಲ, ಯಾಕೆಂದರೆ ಅಷ್ಟರೊಳಗೆ ನನಗೇ ಹಾಡಿನ ರುಚಿ ಹತ್ತಿ, ಅದೇ ಜಾಗದಲ್ಲಿ ಮತ್ತೆ ಶುರು ಮಾಡು ಎಂಬ ಗುಂಡಿ ಒತ್ತಿಬಿಟ್ಟಿದ್ದೆ.

ಹಾಳೆಯ ಝೆರಾಕ್ಸ್ ತೆಗೆಸಿ ಸಂಘದ ಸಭೆಯಲ್ಲಿ ಹಂಚಿದೆ. ಸಾಲಿಯಲ್ಲಿ ಪಾಠ ಓದಿಸಿದ ಹಾಗೆ ಒಂದೊಂದು ಸಾಲು ಓದಿಸಿದೆ. ಅಣ್ಣಾರು ನನ್ನ ಪಕ್ಕದಲ್ಲೇ ಕೂತು ಪುಕ್ಕಟೆ ತಿಂಗಳು ಶುರು ಮಾಡಿ, ಸಂಘದ ವೈಫೈಯಲ್ಲಿ, ವೈನಿಗೆ ಪ್ರೀತಿಯ ಹಾಡುಗಳನ್ನೆಲ್ಲ ಒಂದು ಪಟ್ಟಿ ಮಾಡಿದರು. ಅವರು ಹೇಳಿದ ಹಾಡನ್ನೇ ನಾನೂ ನನ್ನ ಫೋನಿನಲ್ಲಿ ಸೇರಿಸುತ್ತ, ಹೀಗೆ ಒತ್ತಿರಿ ಎಂದು ತೋರಿಸುತ್ತ ಹೋದೆ. ಕೆಳಮುಖದ ಬಾಣ ಒತ್ತಿದಾಗ ಹಾಡುಗಳು ಒಂದೊಂದಾಗಿ ಇಳಿದವು. ಪ್ರತಿ ಹಾಡಿನ ಪಕ್ಕ ಗುರುತು ಮೂಡಿದಾಗ ಅವರು ಬೆರಳಿಟ್ಟು ಎಣಿಸಿದರು.

ಆಮೇಲೆ ಅವರು ಕೇಳಿದರು. "ಪ್ಲ್ಯಾನ್ ಈಗ ಬಂದ್ ಮಾಡಿದ್ರ ಹಾಡ ಹೊಕ್ಕಾವೇನ್ರಿ?"

"ಹೋಗಂಗಿಲ್ರಿ ಅಣ್ಣಾರ," ಎಂದೆ. "ನಾನ ಮಾಡಿ ನೋಡೇನಿ."

ಅವರು ನನ್ನೆದುರೇ ಪ್ಲ್ಯಾನ್ ನಿಲ್ಲಿಸಿದರು. ಹಾಳೆಯಲ್ಲಿದ್ದ ಹಾಗೆಯೇ, ಒಂದು ಹೆಜ್ಜೆಯೂ ತಪ್ಪದೆ.

ಅದಾದ ಮೂರು ದಿನಕ್ಕೆ ಅವರು ಸುರೇಬಾನಕ್ಕೆ ಹೋಗಿ ಬಂದರು. "ಇಡೀ ದಾರಿ ಅಳ್ಳಾಡಲಿಲ್ರಿ ಅಕ್ಕೋರ," ಎಂದು ಹೇಳಿ ತಂಗಿಯ ಮನೆಯ ಶೇಂಗಾದ ಉಂಡಿ ಕೊಟ್ಟು ಹೋದರು. ನಾನು ಹಿಗ್ಗಿದೆ.

ಮುಂದಿನ ಸಲ ಅವರು ಹೊರಟ ದಿನ ನಾನು ಮನೆಯಲ್ಲಿ ಒಬ್ಬಳೇ ಇದ್ದೆ. ಯಜಮಾನರು ಹೊಲಕ್ಕೆ ಹೋಗಿದ್ದರು. ಹನ್ನೊಂದರ ಸುಮಾರಿಗೆ ಅಣ್ಣಾರ ಫೋನು ಬಂತು. ಹಿಂದೆ ಬಸ್‌ಸ್ಟ್ಯಾಂಡಿನ ಗದ್ದಲ.

"ಅಕ್ಕೋರ, ಸವದತ್ತ್ಯಾಗ ಇಳದೇವಿ. ಹಾಡ ಹತ್ತವಲ್ವು. ಇಲ್ಲೀತನಕ ಹೆಂಗೋ ಕೈ ಹಿಡಕೊಂಡ ಬಂದೆ. ರಾಮದುರ್ಗದ ಗಾಡಿ ಹತ್ತೂದು ಬಾಕಿ ಐತಿ."

"ಸ್ಪೀಕರ್ ಹಾಕ್ರಿ, ಹಾಕಿ ಆ್ಯಪ್ ತಗೀರಿ. ಪಟ್ಟಿ ಕಾಣಸ್ತೈತೇನು?"

"ಪಟ್ಟಿ ಐತಿ. ಹಾಡಿನ ಹೆಸರು ಎಲ್ಲಾ ಮಾಸಿದಂಗ ಆಗ್ಯಾವು. ಒತ್ತಿದ್ರ ಏನೋ ಬರ್ತೈತಿ, ಇಂಗ್ಲೀಷಿನ್ಯಾಗ."

"ಒಂದೊಂದ ಅಕ್ಷರ ಹೇಳ್ರಿ."

ಅವರು ಮೆಲ್ಲಗೆ ಓದತೊಡಗಿದರು. ಮೊದಲನೆಯ ಶಬ್ದ ಕೇಳುತ್ತಿದ್ದ ಹಾಗೆಯೇ ನನಗೆ ತಿಳಿದುಹೋಯಿತು. ಪ್ರೀಮಿಯಂ. ಪ್ಲ್ಯಾನ್ ಮುಗಿದಿದೆ, ಇಳಿಸಿಕೊಂಡ ಹಾಡು ಕೇಳಲು ಮತ್ತೆ ಪ್ಲ್ಯಾನ್ ತೆಗೆದುಕೊಳ್ಳಿ ಎಂದು ಆ ಆ್ಯಪು ಅವರಿಗೆ ಹೇಳುತ್ತಿತ್ತು. ಗೋಡೆಯ ಕ್ಯಾಲೆಂಡರ್ ನೋಡಿದೆ. ಸಭೆಯಾದ ದಿನಕ್ಕೆ ಒಂದು ತಿಂಗಳು ದಾಟಿ ಎರಡು ದಿನ ಆಗಿತ್ತು.

ಆಗಲೇ ನಾನು ತಪ್ಪು ಒಪ್ಪಿಕೊಳ್ಳಬೇಕಿತ್ತು. ಫೋನು ಕಿಸೆಯಲ್ಲಿ ಹಾಕ್ರಿ, ವೈನಿಯ ಕೈ ಹಿಡೀರಿ, ತಿರುಗಿ ಬೈಲಹೊಂಗಲಕ್ಕ ಬರ್ರಿ ಎನ್ನಬೇಕಿತ್ತು. ಆದರೆ ಸರಿಪಡಿಸಿಬಿಡುತ್ತೇನೆ ಎಂಬ ಹಠ ನನ್ನನ್ನು ಹಿಡಿಯಿತು.

"ಅಣ್ಣಾರ, ಪ್ಲೇ ಸ್ಟೋರ್ ತಗೀರಿ. ಮ್ಯಾಲ ಬಲಕ್ಕ ಗುಂಡ ಐತೆಲ್ಲ, ಅದನ್ನ ಒತ್ತರಿ."

"ತಡೀರಿ, ಚಷ್ಮಾ ಹಾಕ್ಕೊಂತೇನಿ."

"ಹೆಸರಿನ ಅಕ್ಷರ ಇದ್ದದ್ದು. ಸಿಕ್ತೇನ್ರಿ?"

"ಹುಂ. ಪೇಮೆಂಟ್... ಇದನ್ನ ಒತ್ಲೇನು?"

"ಒತ್ತರಿ. ಒಳಗ ಸಬ್‌ಸ್ಕ್ರಿಪ್ಶನ್ ಅಂತ ಇರ್ತೈತಿ."

ಬಸ್ಸೊಂದು ಹಿಂದಕ್ಕೆ ಬರುವ ಸೀಟಿ ಕೇಳಿಸಿತು. ಯಾರೋ ಊರಿನ ಹೆಸರು ಕೂಗುತ್ತಿದ್ದರು. ನಾನು ಮತ್ತೆ ಕೇಳಿದೆ, "ಸಿಕ್ತೇನ್ರಿ ಅಣ್ಣಾರ?"

"ಅಕ್ಕೋರ," ಎಂದರು. ಧ್ವನಿ ಬೇರೆಯೇ ಆಗಿತ್ತು. "ಇಕಿ ಇಲ್ಲಿಲ್ಲ."

ಆಮೇಲೆ ಫೋನು ಅವರ ಕೈಯಲ್ಲೇ ತೆರೆದಿತ್ತು. ಅವರು ಓಡುತ್ತಿದ್ದುದು, ಹೆಂಡತಿಯ ಹೆಸರು ಹಿಡಿದು ಕೂಗುತ್ತಿದ್ದುದು, ಯಾರನ್ನೋ "ಹಸರ ಸೀರಿ, ಹಸರ ಸೀರಿ ಉಟ್ಟಾಕಿ" ಎಂದು ಕೇಳುತ್ತಿದ್ದುದು, ಎಲ್ಲ ನನ್ನ ಅಡುಗೆಮನೆಯೊಳಗೆ ಕೇಳುತ್ತಿತ್ತು. ನಾನು ಫೋನು ಹಿಡಿದು ನಿಂತೇ ಇದ್ದೆ. ಕರೆ ಕಡಿದುಹೋಯಿತು.

ಒಲೆ ಆರಿಸಿದೆನೋ ಇಲ್ಲವೋ ಎಂದು ನಾಲ್ಕು ಮನೆ ದಾಟಿದ ಮೇಲೆ ನೆನಪಾಗಿ ತಿರುಗಿ ಹೋಗಿ ನೋಡಿ ಬಂದೆ. ಆರಿಸಿದ್ದೆ. ಸವದತ್ತಿಯ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕ ಕೂತೆ. ಚೀಲದಲ್ಲಿ ಆ ಹಾಳೆಯ ಒಂದು ಪ್ರತಿ ಯಾವಾಗಲೂ ಇರುತ್ತಿತ್ತು. ಅದನ್ನು ತೆಗೆದು ಓದಿದೆ. ನನ್ನದೇ ದುಂಡು ಅಕ್ಷರ. ಅಷ್ಟು ಚಂದವಾಗಿ, ಅಷ್ಟು ಖಾತ್ರಿಯಿಂದ ಬರೆದಿದ್ದೆ.

ಆ ಒಂದು ತಾಸಿನ ದಾರಿಯಲ್ಲಿ ನನ್ನ ತಲೆಯೊಳಗೆ ಬಾರದ ಕೆಡುಕಿಲ್ಲ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಎದುರಿಗೆ ಬಂದಾಗಲೆಲ್ಲ ಅದರ ಗಾಲಿಯ ಮುಂದೆ ಹಸಿರು ಸೀರೆ ಕಂಡಂತಾಯಿತು. ಸವದತ್ತಿಯಿಂದ ಮಲಪ್ರಭೆಯ ಹಿನ್ನೀರು ಎಷ್ಟು ದೂರ, ವೈನಿ ಎಷ್ಟು ಹೊತ್ತಿನಲ್ಲಿ ಅಲ್ಲಿಗೆ ನಡೆದಾರು ಎಂದು ಲೆಕ್ಕ ಹಾಕಿದೆ. ಅಂದು ಹುಣ್ಣಿಮೆ ಬೇರೆ. ದೇವಿಯ ದರ್ಶನಕ್ಕೆಂದು ಗುಡ್ಡಕ್ಕೆ ಹೋಗುವ ಜನ ಬಸ್‌ಸ್ಟ್ಯಾಂಡಿನಲ್ಲಿ ತುಂಬಿರುತ್ತಾರೆ, ಹಸಿರು ಸೀರೆ ಉಟ್ಟ ಹೆಂಗಸರೇ ನೂರಾರು ಜನ. ಆ ಗುಂಪಿನ ಜತೆಗೆ ಯಾವುದಾದರೂ ಟೆಂಪೋ ಹತ್ತಿಬಿಟ್ಟರೆ ಯಾವ ಊರು, ಯಾವ ಜಿಲ್ಲೆ. ಅವರನ್ನು ಯಾರಾದರೂ ಹೆಸರು ಕೇಳಿದರೆ ತವರುಮನೆಯ ಹೆಸರು ಹೇಳುತ್ತಾರೆ, ಊರು ಕೇಳಿದರೆ ಸುರೇಬಾನ ಎನ್ನುತ್ತಾರೆ. ಮದುವೆಯಾದದ್ದೇ ಅವರಿಗೆ ಒಮ್ಮೊಮ್ಮೆ ನೆನಪಿರುವುದಿಲ್ಲ.

ಎರಡು ಸಲ ಅಣ್ಣಾರಿಗೆ ಫೋನ್ ಮಾಡಿದೆ. ಎರಡೂ ಸಲ ಬೇರೆ ಕರೆಯಲ್ಲಿದ್ದರು. ಮೂರನೆಯ ಸಲ ಮಾಡಲಿಲ್ಲ. ಯಾರಾದರೂ ಸುದ್ದಿ ಹೇಳಲು ಅದೇ ಹೊತ್ತಿಗೆ ಕರೆ ಮಾಡಿ, ನನ್ನಿಂದ ತಪ್ಪಿಹೋದರೆ ಎಂದು ಹೆದರಿದೆ.

ಸವದತ್ತಿಯಲ್ಲಿ ಇಳಿದಾಗ ಮೈಕಿನಲ್ಲಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಹೇಳುತ್ತಿದ್ದರು, ಹಸಿರು ಸೀರೆ, ಕೆಂಪು ಅಂಚು, ಕೊರಳಲ್ಲಿ ನೀಲಿ ಪಾಕೀಟು, ಎಪ್ಪತ್ತರ ವಯಸ್ಸು. ಅಣ್ಣಾರು ಒಂದು ಕಲ್ಲಿನ ಕಟ್ಟೆಯ ಪಕ್ಕ ನಿಂತಿದ್ದರು. ಕೂತಿರಲಿಲ್ಲ.

"ಇಲ್ಲೇ ಕುಂದ್ರಿಸಿದ್ದೆ," ಎಂದರು, ಕಟ್ಟೆ ತೋರಿಸಿ. "ನಾ ಬ್ಯಾರೆ ಕಡೆ ಹೋದಾಗ ತಿರುಗಿ ಬಂದ್ರ? ಅದಕ್ಕ ನಿಂತೇನಿ. ಪೊಲೀಸರಿಗೆ ಹೇಳೇನಿ. ಶೌಚಾಲಯ, ಹೋಟೆಲ್ಲು, ಗುಡ್ಡದ ಗಾಡಿ, ಎಲ್ಲಾ ನೋಡಿ ಬಂದ್ರು ಅವ್ರು."

ಅವರು ನನ್ನ ಮುಖ ನೋಡಿ, "ನೀವ್ಯಾಕ ಬಿಸಲಾಗ ಬಂದ್ರಿ," ಎಂದರು. ಅದರಲ್ಲಿ ಸಿಟ್ಟು ಇರಲಿಲ್ಲ. ಅದೇ ನನ್ನನ್ನು ಇನ್ನೂ ಹೆದರಿಸಿತು. ಅವರಿಗಿನ್ನೂ ಗೊತ್ತಿಲ್ಲ ಎಂದುಕೊಂಡೆ.

ವೈನಿ ಕಾಣೆಯಾದ ಆ ಹತ್ತು ನಿಮಿಷದಲ್ಲಿ ಸ್ಟ್ಯಾಂಡು ಬಿಟ್ಟ ಬಸ್ಸುಗಳನ್ನು ಅಣ್ಣಾರು ಕಂಟ್ರೋಲರ್ ಜತೆ ಕೂತು ಬರೆದುಕೊಂಡಿದ್ದರು. ನಾಲ್ಕು ಬಸ್ಸು. ಮೂರರ ಕಂಡಕ್ಟರುಗಳು ಅಂಥ ಹೆಣ್ಣುಮಗಳು ಇಲ್ಲ ಎಂದಿದ್ದರು. ನಾಲ್ಕನೆಯದು ರಾಮದುರ್ಗದ್ದು. ಅದರ ಕಂಡಕ್ಟರ್ ಫೋನು ಹತ್ತುತ್ತಿರಲಿಲ್ಲ. ರಾಮದುರ್ಗದ ಕಂಟ್ರೋಲರಿಗೆ ಹೇಳಿ ಇಟ್ಟಿದ್ದರು.

ನಾವಿಬ್ಬರೂ ನಿಂತೆವು. ಎಷ್ಟು ಹೊತ್ತೋ ತಿಳಿಯದು. ಹೋಗುವ ಪ್ರತಿ ಹಸಿರು ಸೀರೆಗೂ ಅವರ ಕತ್ತು ತಿರುಗುತ್ತಿತ್ತು, ಜತೆಗೆ ನನ್ನದೂ. ಕೊನೆಗೆ ಕಂಟ್ರೋಲರ್ ಕಿಟಕಿಯಿಂದ ಕೈ ಬೀಸಿದರು.

"ರಾಮದುರ್ಗದಾಗ ಅದಾರಂತ. ಅದೇ ಗಾಡ್ಯಾಗ ಹೋಗ್ಯಾರ. ಎಲ್ಲಾರೂ ಇಳದ ಮ್ಯಾಲೂ ಸೀಟಿನ್ಯಾಗ ಕುಂತಿದ್ರಂತ. ಜಲ್ದಿ ಹೋಗ್ರಿ, ಅವರನ್ನ ಹಿಡದ ಕುಂದ್ರಸೂದು ಕಠಿಣ ಆಗೇತಂತ, ಹೊರಗ ಓಡಾಕ ನೋಡಾಕತ್ತಾರಂತ."

ಸಿಕ್ಕರು ಎಂದು ಸಮಾಧಾನವಾಯಿತು. ಆದರೆ ಓಡಲು ನೋಡುತ್ತಿದ್ದಾರೆ ಎಂಬ ಮಾತು ಹಿಂದೆಯೇ ಬಂದಿತ್ತು. ರಾಮದುರ್ಗದ ಬಸ್ಸು ಹತ್ತಿದೆವು. ಊರು ದಾಟಿದ ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ನೆಟ್‌ವರ್ಕಿನ ಗೆರೆಗಳು ಒಂದೊಂದಾಗಿ ಅಳಿದವು. ಇನ್ನು ಅಲ್ಲಿ ಏನಾದರೂ ನಮಗೆ ಗೊತ್ತಾಗುವುದಿಲ್ಲ. ಎರಡೂ ಕಡೆ ಒಣ ಹೊಲ. ಬಸ್ಸು ಪ್ರತಿ ಊರಿನಲ್ಲೂ ನಿಂತಿತು. ಒಂದು ಊರಲ್ಲಿ ಯಾರೋ ಜೋಳದ ಚೀಲ ಹತ್ತಿಸಿಕೊಳ್ಳುವವರೆಗೆ ನಿಂತಾಗ ನನಗೆ ಕೂಗಬೇಕೆನ್ನಿಸಿತು.

ಆ ಬಸ್ಸಿನಲ್ಲಿ ನಾನು ಹೇಳಿದೆ. ಮನೆಗೆ ಹೋಗಿ ಹೇಳುವ ಧೈರ್ಯ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಅಣ್ಣಾರ, ನಿಮ್ಮ ಫೋನಿಂದೇನೂ ತಪ್ಪಿಲ್ಲ. ನೀವೂ ಏನೂ ತಪ್ಪ ಮಾಡಿಲ್ಲ. ಹಾಳ್ಯಾಗ ನಾ ಬರದದ್ದ ತಪ್ಪು. ಪ್ಲ್ಯಾನ್ ಮುಗದ ಮ್ಯಾಲ ಇಳಿಸಿಕೊಂಡ ಹಾಡ ಹಾಡಂಗಿಲ್ಲ."

ಅವರು ಮುಂದಿನ ಸೀಟಿನ ಕಂಬಿ ಹಿಡಿದಿದ್ದರು. ಕಿಟಕಿಯಾಚೆ ನೋಡಿದರು. ಆಮೇಲೆ, "ಈಗ ನನಗ ಏನೂ ಹೇಳಬ್ಯಾಡ್ರಿ ಅಕ್ಕೋರ," ಎಂದರು.

ವೈನಿ ಕಂಟ್ರೋಲರ್ ಕೋಣೆಯ ಮೂಲೆಯಲ್ಲಿದ್ದರು. ಕಿಟಕಿಯ ಸರಳನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದರು. ಒಂದು ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತದ ಗೆರೆ ಇತ್ತು. ಬಸ್ಸಿನ ಕಂಡಕ್ಟರ್, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಿದ್ದಳು. ಹತ್ತಿರ ಹೋದರೆ ವೈನಿ ಚೀರುತ್ತಾರೆಂದು ಅಲ್ಲೇ ಕೂತಿದ್ದಳಂತೆ.

"ಕೊರಳಾಗಿನ ಪಾಕೀಟಿನಿಂದ ಆಧಾರ್ ತಗದ ತೋರಿಸಿದ್ರು," ಎಂದಳು ಅವಳು. "ಸುರೇಬಾನಕ್ಕ ಅಂದ್ರು. ರಾಮದುರ್ಗಕ್ಕ ಝೀರೋ ಟಿಕೆಟ್ ಕೊಟ್ಟೆ. ದಾರ್ಯಾಗ ಎದ್ದ ನಿಂತಾಗ ಬಾಜೂಕ ಕುಂತವ್ರು ಕೈ ಹಿಡದ ಕುಂದ್ರಿಸಿದ್ರು, ಇವರ ಮಂದೀನ ಇರಬೇಕಂತ ತಿಳಕೊಂಡೆ. ನಂದ ತಪ್ಪಾತ್ರಿ."

ಆ ದಿನ ತಪ್ಪು ನನ್ನದು ಎಂದವರು ಇಬ್ಬರಾದೆವು.

ಅಣ್ಣಾರು ಹತ್ತಿರ ಹೋಗಿ ಹೆಸರು ಹಿಡಿದು ಕರೆದರು. ವೈನಿ ಅವರ ಎದೆಗೆ ಗುದ್ದಿದರು, "ಹೋಗ, ಹೋಗ" ಎಂದರು. ಅವರು ಅಲುಗದೆ ನಿಂತು ಹೊಡೆಸಿಕೊಂಡರು. ಆಮೇಲೆ ತಮ್ಮ ಫೋನು ತೆಗೆದು, ಇಳಿಸಿಕೊಂಡ ಪಟ್ಟಿ ಬಿಟ್ಟು ಹಾಡಿನ ಹೆಸರು ಹುಡುಕಿ ಒತ್ತಿದರು. ರಾಮದುರ್ಗದಲ್ಲಿ ನೆಟ್ ಇತ್ತು, ಹಾಗಾಗಿ ಪುಕ್ಕಟೆಯಾಗಿಯೇ ಹಾಡು ಹತ್ತಿತು. ವೈನಿಯ ಕೈ ಸರಳಿನ ಮೇಲೆ ಸಡಿಲಾಯಿತು. ಆ ಹಾಡು ಮುಗಿಯುತ್ತಲೇ ಜಾಹೀರಾತು ಬಂತು. ಒಬ್ಬ ಗಂಡಸು ಗಟ್ಟಿ ಧ್ವನಿಯಲ್ಲಿ ಏನನ್ನೋ ಕೊಳ್ಳಿ ಎಂದು ಅರಚಿದ. ವೈನಿ ಬೆದರಿದ ದನದ ಹಾಗೆ ಹಿಂದಕ್ಕೆ ಸರಿದು ತಲೆಯನ್ನು ಗೋಡೆಗೆ ಬಡಿದುಕೊಂಡರು.

ಆಗ ನನಗೆ ನನ್ನ ಫೋನಿನ ನೆನಪಾಯಿತು. ಬೆಳಗಿನಿಂದ ಅದು ನನ್ನ ಕೈಯಲ್ಲೇ ಇತ್ತು. ಭಯದಲ್ಲಿ ಬುದ್ಧಿ ಎಷ್ಟು ಮಂಕಾಗುತ್ತದೆ ಎಂದರೆ, ಅದೇ ಪಟ್ಟಿ ನನ್ನ ಫೋನಿನಲ್ಲೂ ಇದೆ, ನನ್ನ ಪ್ಲ್ಯಾನ್ ಇನ್ನೂ ನಡೆದಿದೆ ಎಂಬುದು ಅಷ್ಟು ದೂರ ಬರುವವರೆಗೂ ಹೊಳೆದಿರಲಿಲ್ಲ. ಪಟ್ಟಿ ತೆರೆದೆ. ಹೆಸರುಗಳು ಮಾಸಿರಲಿಲ್ಲ. ಮೊದಲನೆಯದನ್ನು ಒತ್ತಿ ಫೋನನ್ನು ಅವರ ಪಕ್ಕದ ಕುರ್ಚಿಯ ಮೇಲಿಟ್ಟು ಹಿಂದೆ ಸರಿದು ನಿಂತೆ. ಒಂದು ಹಾಡು ಮುಗಿದು ನಡುವಿನ ಮೌನ ಬಂದಾಗ ಕಿವಿಗೊಟ್ಟು ನಿಂತೆ. ಏನೂ ಅರಚಲಿಲ್ಲ. ಎರಡನೆಯದು ಶುರುವಾಯಿತು. ಮೂರನೆಯ ಹಾಡಿಗೆ ವೈನಿ ನೆಲದ ಮೇಲೆ ಕೂತರು, ಕೈ ಮಡಚಿಕೊಂಡರು.

ಅಣ್ಣಾರು ಒಂದು ಮಾರು ದೂರ ಕೂತರು. ಅವರನ್ನು ನೋಡಿ ವೈನಿ, "ನೀವ ಯಾರ್ರಿ?" ಎಂದರು. "ಇಲ್ಲಿ ನಮ್ಮವ್ರು ಬರ್ತಾರ ಈಗ."

"ಬರ್ತಾರ," ಎಂದರು ಅಣ್ಣಾರು. "ಬರೂತನಕ ನಾ ಕುಂತಿರತೇನಿ."

ಕಂಡಕ್ಟರ್ ಹೆಣ್ಣುಮಗಳು ಎದ್ದು ಹೊರಗೆ ಹೋದಳು. ಅವಳ ಬಸ್ಸು ಹೊರಡುವ ವೇಳೆ ದಾಟಿತ್ತು.

ಸುರೇಬಾನದ ಬಸ್ಸಿಗೆ ಅವರನ್ನು ಹತ್ತಿಸಿದಾಗ ನನ್ನ ಫೋನನ್ನು ಅಣ್ಣಾರ ಕೈಗೆ ಕೊಟ್ಟೆ, ಇಯರ್‌ಫೋನ್ ಅವರದೇ ಇತ್ತು. ಫೋನಿನ ಬೀಗ ತೆಗೆಯಲು ಬೆರಳಿನಿಂದ ಗೆರೆ ಹೇಗೆ ಎಳೆಯಬೇಕೆಂದು ತೋರಿಸಿದೆ. ಅವರು ಬೇಡ ಎನ್ನಲಿಲ್ಲ. ನಾನು ಫೋನಿಲ್ಲದೆ ಎರಡು ಬಸ್ಸು ಹಿಡಿದು ಮನೆಗೆ ಬಂದಾಗ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಓಣಿಯಲ್ಲೆಲ್ಲ ವಿಚಾರಿಸಿದ್ದರಂತೆ. ಅವರ ಮುಖ ನೋಡಿ, ಅಣ್ಣಾರ ಅಂದಿನ ಮುಖ ಇನ್ನೊಮ್ಮೆ ನೋಡಿದ ಹಾಗಾಯಿತು. ಚೀಟಿ ಬರೆದಿಟ್ಟು ಹೋಗಬೇಕೆಂದೂ ನನಗೆ ತೋಚಿರಲಿಲ್ಲ.

ಮೂರು ದಿನದ ಮೇಲೆ ಸುರೇಬಾನದ ತಂಗಿಯ ಕಡೆಯವರೊಬ್ಬರು ನನ್ನ ಫೋನು ತಂದುಕೊಟ್ಟರು. ಅಣ್ಣಾರು ಬರಲಿಲ್ಲ.

ಅಷ್ಟರೊಳಗೆ ನಾನು ಹಾಳೆಗಳ ಬೆನ್ನು ಹತ್ತಿದ್ದೆ. ಹಂಚಿದವರ ಪಟ್ಟಿ ಇತ್ತು. ಮನೆಮನೆಗೆ ಹೋಗಿ, "ಅದರಾಗ ತಪ್ಪೈತಿ, ತಿರುಗಿ ಕೊಡ್ರಿ," ಎಂದು ಇಸಿದುಕೊಂಡೆ. ಒಬ್ಬರು ದೇವರ ಕೋಣೆಯಲ್ಲಿ ಪಂಚಾಂಗದ ಕೆಳಗೆ ಇಟ್ಟಿದ್ದರು. ಒಬ್ಬರು ಕಳೆದುಕೊಂಡಿದ್ದರು. ಮತ್ತೊಬ್ಬ ಅಜ್ಜಿ ಮಾತ್ರ ನಗುತ್ತ, "ನನ್ನ ತಮ್ಮ ಕಿತ್ತೂರಾಗ ಅದಾನಲ್ರಿ, ಅವಗ ಫೋಟೋ ಹೊಡದ ಕಳಿಸೇನಿ. ಬಾಳ ಚಲೋ ಬರದಾರ ಅಂದ. ಅವ ತಮ್ಮ ಗ್ರೂಪಿಗೆ ಹಾಕ್ಯಾನ," ಎಂದರು. ಅವರ ಅಂಗಳದಲ್ಲೇ ನಾನು ಕೂತುಬಿಟ್ಟೆ. ಕಾಗದವನ್ನು ಹಿಂದಕ್ಕೆ ಪಡೆಯಬಹುದು. ಆ ಫೋಟೋ ಈಗ ಎಷ್ಟು ಫೋನುಗಳಲ್ಲಿದೆ, ಅದನ್ನು ನಂಬಿ ಯಾರು ಯಾವ ಬಸ್ಸು ಹತ್ತುತ್ತಿದ್ದಾರೆ? ಕಿತ್ತೂರಿನ ಆ ತಮ್ಮನಿಗೆ ಫೋನು ಮಾಡಿ ತಿದ್ದಿದ ಹಾಳೆಯ ಫೋಟೋ ಕಳಿಸಿದೆ. ಅವರು ಗ್ರೂಪಿಗೆ ಹಾಕಿದೆ ಎಂದರು. ಅಲ್ಲಿಂದ ಮುಂದೆ ಹೋದದ್ದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ.

ಹೊಸ ಹಾಳೆಯಲ್ಲಿ ಆ ಸಾಲು ಹೀಗಿದೆ: "ಇಳಿಸಿಕೊಂಡ ಹಾಡು ಆ ಆ್ಯಪಿನೊಳಗೆ ಮಾತ್ರ, ಪ್ಲ್ಯಾನ್ ಇರುವವರೆಗೆ ಮಾತ್ರ ಹಾಡುತ್ತದೆ. ಪ್ಲ್ಯಾನ್ ನಿಲ್ಲಿಸಿದ ಮೇಲೆ ಯಾವ ತಾರೀಖಿನವರೆಗೆ ನಡೆಯುತ್ತದೆ ಎಂದು ಸಬ್‌ಸ್ಕ್ರಿಪ್ಶನ್ ಪುಟದಲ್ಲಿ ಬರುತ್ತದೆ, ಅದನ್ನು ಇಲ್ಲಿ ಬರೆದುಕೊಳ್ಳಿ." ಬರೆದುಕೊಳ್ಳಲು ಒಂದು ಖಾಲಿ ಚೌಕ ಹಾಕಿದೆ. ಪ್ಲ್ಯಾನ್ ಇದ್ದರೂ ತಿಂಗಳಿಗೊಮ್ಮೆಯಾದರೂ ನೆಟ್ ಹಚ್ಚಿ ಆ್ಯಪ್ ತೆರೆಯಬೇಕು, ಇಲ್ಲದಿದ್ದರೆ ಇಳಿಸಿಕೊಂಡದ್ದು ನಿಲ್ಲಬಹುದು ಎಂದೂ ಸೇರಿಸಿದೆ. ಅದು ಗೊತ್ತಾದದ್ದು ಆ್ಯಪಿನೊಳಗಿನ ಸಹಾಯದ ಪುಟವನ್ನು ಕೊನೆಯತನಕ ಓದಿದಾಗ. ಮೊದಲೇ ಓದಬೇಕಾಗಿದ್ದ ಪುಟ.

ಅಣ್ಣಾರು ಎರಡು ತಿಂಗಳು ಸಂಘಕ್ಕೆ ಬರಲಿಲ್ಲ. ನಾನೂ ಅವರ ಓಣಿಯ ಕಡೆ ಹೋಗಲಿಲ್ಲ. ಸಂತೆಗೆ ಹೋಗಬೇಕಾದರೂ ಸುತ್ತು ಹಾಕಿ ಹೋದೆ. ಆಮೇಲೆ ಒಂದು ಸಭೆಗೆ ವೈನಿಯನ್ನೂ ಕರೆದುಕೊಂಡು ಬಂದರು. ಪೇಟೆಯಲ್ಲಿ ಹಾಡು ತುಂಬಿಸಿಯೇ ಮಾರುವ ಒಂದು ಸಣ್ಣ ಪೆಟ್ಟಿಗೆ ಸಿಗುತ್ತದೆ, ಗುಂಡಿ ಒತ್ತಿದರೆ ಹಾಡುತ್ತದೆ. ಅದನ್ನು ವೈನಿಯ ಮಡಿಲಲ್ಲಿ ಇಟ್ಟಿದ್ದರು. ವೈನಿಯ ಸೊಂಟಕ್ಕೂ ಅವರ ಮಣಿಕಟ್ಟಿಗೂ ಒಂದು ಮೆತ್ತನೆಯ ಬಟ್ಟೆಯ ಪಟ್ಟಿ ಕಟ್ಟಿತ್ತು. ಅದನ್ನು ನೋಡಿ ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

ಸಭೆ ಮುಗಿದು ಎಲ್ಲರೂ ಏಳುವಾಗ ಅವರು ನನ್ನ ಬಳಿ ಬಂದರು.

"ಅಂದ ಸಿಟ್ಟಿದ್ದಿಲ್ರಿ ನನಗ," ಎಂದರು. "ಹಾಡ ಇದ್ರೂ ಇಕಿ ಎಂದಾದ್ರೂ ಹಿಂಗ ಹೋಗ್ತಾಳ ಅನ್ನೂದು ಆ ಗಾಡ್ಯಾಗ ನನಗ ತಿಳೀತು. ಅದನ್ನ ಬಾಯಿ ಬಿಟ್ಟ ಹೇಳಾಕ ಅಂಜಿಕಿ ಬಂತು. ಅದಕ್ಕ ನೀವೂ ಸುಮ್ಮನ ಇರ್ರಿ ಅಂದೆ."

ನಾನು ವೈನಿಯ ಪಕ್ಕ ಕೂತೆ. ಅವರು ನನ್ನನ್ನು ಗುರುತಿಸಲಿಲ್ಲ, ಆದರೆ ಸರಿದು ಜಾಗ ಕೊಟ್ಟರು. ಹೊಸದಾಗಿ ಸೇರಿದ ಒಬ್ಬರು ಹಾಳೆ ಹಿಡಿದು ಬಂದು, ಈ ಆ್ಯಪನ್ನು ಎರಡು ಫೋನಿನಲ್ಲಿ ಹಾಕಿಕೊಂಡರೆ ಇಳಿಸಿಕೊಂಡ ಹಾಡು ಎರಡರಲ್ಲೂ ಹಾಡುತ್ತದೆಯೇ ಎಂದು ಕೇಳಿದರು.

"ನನಗ ಗೊತ್ತಿಲ್ರಿ," ಎಂದೆ. "ಓದಿ, ನೋಡಿ, ಆಮ್ಯಾಲ ಹೇಳತೇನಿ."